ಮೊದಲು ಕೊನೆಯ ದಿನಾಂಕ ನೋಡಿ

(ಸರ್ಕಾರಿ ನೇಮಕಾತಿ ಅರ್ಜಿ ಪರಿಶೀಲಿಸುವ ಸಿಬ್ಬಂದಿಯ ತರಬೇತಿಯಲ್ಲಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಖಾಸಗಿ ಕಂಪನಿಯಲ್ಲಿ ರೆಸ್ಯೂಮೆ ನೋಡುವವರು ‘ಈ ಹುಡುಗ ಕೆಲಸಕ್ಕೆ ಆಗ್ತಾನಾ’ ಎಂದು ಕೇಳಬಹುದು. ನಾವು ಮೊದಲು ಕೇಳಬೇಕಾದ್ದು ಬೇರೆ. ಅರ್ಜಿ ಹಾಕಲು ನಿಗದಿಯಾದ ಕೊನೆಯ ದಿನದಂದು ಈ ಅಭ್ಯರ್ಥಿ ಅರ್ಹನಾಗಿದ್ದನೇ? ಸಂದರ್ಶನದ ದಿನವಲ್ಲ, ಕಡತ ನಿಮ್ಮ ಮೇಜಿಗೆ ಬಂದ ದಿನವೂ ಅಲ್ಲ.

ವಯಸ್ಸಿನಿಂದ ಶುರು ಮಾಡೋಣ. ಪ್ರಭು ದಯಾಳ್ ಸೇಸ್ಮಾ ಪ್ರಕರಣ ನನಗೆ ತುಂಬಾ ಇಷ್ಟ. ಸುಪ್ರೀಂ ಕೋರ್ಟಿನ 1986ರ ತೀರ್ಪು. ರಾಜಸ್ಥಾನದ ನಾಗರಿಕ ಸೇವೆಗೆ ಅರ್ಜಿ ಹಾಕಿದ ವ್ಯಕ್ತಿ ಹುಟ್ಟಿದ್ದು 1956ರ ಜನವರಿ 2ರಂದು. ನಿಯಮದ ಪ್ರಕಾರ 1984ರ ಜನವರಿ 1ಕ್ಕೆ ಆತ 28 ವರ್ಷ ತಲುಪಿರಬಾರದು. ಹುಟ್ಟುಹಬ್ಬ 2ಕ್ಕೆ ತಾನೇ, ಒಂದು ದಿನ ಬಾಕಿ ಇದೆಯಲ್ಲ ಎನ್ನುವುದು ಆತನ ವಾದ. ನಾವೂ ಹಾಗೇ ಹೇಳುತ್ತಿದ್ದೆವು, ಅಲ್ವಾ? ಕೋರ್ಟ್ ಒಪ್ಪಲಿಲ್ಲ. ಹುಟ್ಟಿದ್ದು ರಾತ್ರಿ ಹನ್ನೊಂದಕ್ಕೇ ಆಗಿರಲಿ, ಕಾನೂನು ಆ ದಿನವನ್ನು ಪೂರ್ತಿ ದಿನವೆಂದೇ ಲೆಕ್ಕ ಹಿಡಿಯುತ್ತದೆ. ಜನವರಿ 2ನ್ನು ಮೊದಲ ದಿನ ಎಂದು ಎಣಿಸಿದರೆ ವರ್ಷ ತುಂಬುವುದು ಮುಂದಿನ ಜನವರಿ 1ರ ಕೊನೆಗೆ. ಹಾಗಾಗಿ 1984ರ ಜನವರಿ 1ಕ್ಕೇ 28 ತುಂಬಿತು. ಆತ ಅನರ್ಹ.

ಇದನ್ನು ನಮ್ಮ ಮೇಜಿಗೆ ತನ್ನಿ. ಕೊನೆಯ ದಿನ 2025ರ ಜೂನ್ 30, 35 ವರ್ಷ ತಲುಪಿರಬಾರದು ಎಂದಿದೆ ಅಂತಿಟ್ಟುಕೊಳ್ಳಿ. 1990ರ ಜುಲೈ 1ಕ್ಕೆ ಹುಟ್ಟಿದವರು ಹೊರಗೆ, ಜುಲೈ 2ಕ್ಕೆ ಹುಟ್ಟಿದವರು ಒಳಗೆ. ಕಂಪ್ಯೂಟರ್ ವರ್ಷದಿಂದ ವರ್ಷ ಕಳೆದು ಕೊಟ್ಟ ಅಂಕಿ ನಂಬಿ ಸುಮ್ನೆ ಟಿಕ್ ಹಾಕಬೇಡಿ. ಅಂಚಿನಲ್ಲಿರುವ ಎರಡು ಮೂರು ದಿನಗಳನ್ನು ಕೈಯಲ್ಲೇ ಎಣಿಸಿ. ‘ಮೀರಿರಬಾರದು’ ಎಂದಿದ್ದರೆ ಲೆಕ್ಕ ಬದಲಾಗಬಹುದು, ಅದಕ್ಕೇ ಅಧಿಸೂಚನೆಯ ಆ ಸಾಲನ್ನು ಪ್ರತಿ ಸಲ ಹೊಸದಾಗಿ ಓದಿ. ನಮ್ಮೂರುಗಳಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡವರು ಎಷ್ಟು ಜನ! ಈ ಸಭೆಯಲ್ಲೂ ನಗುತ್ತಿರುವವರು ಕಾಣುತ್ತಿದ್ದಾರೆ. ಅವರೆಲ್ಲ ಮೇ 31ಕ್ಕೆ ನಿವೃತ್ತರಾಗುವುದರ ಹಿಂದೆಯೂ ಇದೇ ಲೆಕ್ಕ ಇದೆ.

ಈಗ ವಿದ್ಯಾರ್ಹತೆ. ಜಮ್ಮು ಕಾಶ್ಮೀರದ ಜೂನಿಯರ್ ಎಂಜಿನಿಯರ್ ಹುದ್ದೆಗಳಿಗೆ 1982ರ ಜುಲೈ 15 ಕೊನೆಯ ದಿನ. ಕೆಲವರು ಪರೀಕ್ಷೆ ಬರೆದಿದ್ದರು, ಫಲಿತಾಂಶ ಬಂದದ್ದು ಆಗಸ್ಟ್ 21ಕ್ಕೆ, ಸಂದರ್ಶನಕ್ಕೆ ಸ್ವಲ್ಪ ಮುಂಚೆ. ಸಂದರ್ಶನದ ಹೊತ್ತಿಗೆ ಪಾಸಾಗಿದ್ದಾರಲ್ಲ, ಬಿಡಿ ಎನ್ನಿಸುತ್ತದೆ. ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಅರ್ಹತೆ ನೋಡಬೇಕಾದ್ದು ಕೊನೆಯ ದಿನಾಂಕಕ್ಕೆ. ಅಲ್ಲೂ ಅದೇ ಮಾತು, ಕೊನೆಯ ದಿನಾಂಕ.

ಎಡವುವುದು ಎಲ್ಲಿ ಗೊತ್ತಾ? ಅಂಕಪಟ್ಟಿಯ ಮೇಲೆ ‘ಮೇ 2025’ ಎಂದಿರುತ್ತದೆ. ಅದು ಪರೀಕ್ಷೆ ನಡೆದ ತಿಂಗಳು. ಫಲಿತಾಂಶ ಜುಲೈ 12ಕ್ಕೆ ಬಂದಿದ್ದರೆ ಜೂನ್ 30ಕ್ಕೆ ಆತನ ಬಳಿ ಪದವಿ ಇರಲಿಲ್ಲ. ಫಲಿತಾಂಶದ ದಿನಾಂಕ ಹುಡುಕಿ, ಸಿಗದಿದ್ದರೆ ವಿಶ್ವವಿದ್ಯಾಲಯವನ್ನು ಕೇಳಿ. ಆದರೆ ಇದರ ಉಲ್ಟಾ ಅನ್ಯಾಯವನ್ನೂ ಮಾಡಬೇಡಿ. ಜೂನ್ 10ಕ್ಕೇ ಫಲಿತಾಂಶ ಬಂದಿದೆ, ಘಟಿಕೋತ್ಸವ ಡಿಸೆಂಬರಿನಲ್ಲಿ ಆಗಿದೆ, ಪದವಿ ಪ್ರಮಾಣಪತ್ರದಲ್ಲಿ ಡಿಸೆಂಬರ್ ಎಂದಿದೆ ಅಂದುಕೊಳ್ಳಿ. ಆ ತಿಂಗಳು ನೋಡಿ ತಿರಸ್ಕರಿಸಿದರೆ ತಪ್ಪು ನಮ್ಮದು. ಅರ್ಹತೆ ಪಡೆದ ದಿನ ಬೇರೆ, ಅದಕ್ಕೆ ಕಾಗದ ಸಿಕ್ಕ ದಿನ ಬೇರೆ.

ಇಷ್ಟು ಬಿಗಿ ಯಾಕೆ, ಪಾಪ ಬಡವರ ಮಕ್ಕಳು ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದು ತ್ರಿಪುರ ಸುಂದರಿ ದೇವಿ ಪ್ರಕರಣ, 1990ರದು. ಆಂಧ್ರದ ವಿಜಯನಗರಂ ಜಿಲ್ಲೆಯಲ್ಲಿ ಶಿಕ್ಷಕರ ಹುದ್ದೆಗೆ ಎಂ.ಎ.ಯಲ್ಲಿ ಕನಿಷ್ಠ ಎರಡನೇ ದರ್ಜೆ ಕೇಳಿದ್ದರು. ಆಯ್ಕೆಯಾದವರದು ಮೂರನೇ ದರ್ಜೆ. ಇದು ನೇಮಿಸಿದವರು ಮತ್ತು ನೇಮಕವಾದವರ ನಡುವಿನ ವಿಷಯ ಮಾತ್ರವಲ್ಲ ಎಂದಿತು ಕೋರ್ಟ್. ಜಾಹೀರಾತು ಓದಿ ‘ನನಗೆ ಅರ್ಹತೆ ಇಲ್ಲ’ ಎಂದು ಅರ್ಜಿಯನ್ನೇ ಹಾಕದೆ ಕೂತವರಿಗೂ ಅನ್ಯಾಯವಾಗುತ್ತದೆ. ಅವರ ಹೆಸರು ನಿಮ್ಮ ಕಡತದಲ್ಲಿ ಎಲ್ಲೂ ಇರುವುದಿಲ್ಲ. ಅವರೂ ಬಡವರ ಮಕ್ಕಳೇ. ಸಡಿಲಿಕೆ ಕೊಡುವುದಾದರೆ ಸರ್ಕಾರ ಎಲ್ಲರಿಗೂ ತಿಳಿಸಿ ಕೊಡಲಿ. ಪರಿಶೀಲನೆಯ ಮೇಜಿನಲ್ಲಿ ಒಬ್ಬರಿಗೆ ಮಾತ್ರ ಕೊಡುವ ಅಧಿಕಾರ ನಮಗಿಲ್ಲ.

ಸಮಯವಾಯಿತು ಎಂದು ಚೀಟಿ ಬಂದಿದೆ. ಉಳಿದದ್ದು ಚುಟುಕಾಗಿ. ಹೆಚ್ಚಿನ ಪದವಿ ಇದೆ ಎಂದ ಮಾತ್ರಕ್ಕೆ ಕೇಳಿದ ಡಿಪ್ಲೊಮಾ ಇದ್ದಂತಲ್ಲ, ನೇಮಕಾತಿ ನಿಯಮ ಹಾಗೆಂದು ಹೇಳಿರಬೇಕು. ಶೇ. 59.9 ಇದ್ದರೆ ನೀವಾಗಿ 60 ಮಾಡಬೇಡಿ. ತಿರಸ್ಕರಿಸುವಾಗ ‘ಅನರ್ಹ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ಷರತ್ತು, ಕೊನೆಯ ದಿನಾಂಕ ಯಾವುದು, ದಾಖಲೆಯಲ್ಲಿ ಇರುವ ದಿನಾಂಕ ಯಾವುದು, ಮೂರನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಆಕ್ಷೇಪಣೆ ಬಂದಾಗ ನಿಮ್ಮ ಜಾಗದಲ್ಲಿ ಇರುವ ಬೇರೆಯವರಿಗೂ ಆ ಸಾಲು ಓದಿದರೆ ಅರ್ಥವಾಗಬೇಕು. ಪ್ರಶ್ನೆಗಳಿದ್ದರೆ ಊಟದ ಹೊತ್ತಿಗೆ ಕೇಳಿ, ನಾನು ಇಲ್ಲೇ ಇರುತ್ತೇನೆ.