ತೊಂಬತ್ತೇಳರಿಂದ ಭಾಗಿಸಿ, ಒಂದು ಉಳಿಯಬೇಕು

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನ ಬ್ಯಾಂಕೊಂದರ ವಿದೇಶಿ ವಿನಿಮಯ ಕೌಂಟರಿನಲ್ಲಿ ನಾನು ಬಹಳ ವರ್ಷ ಕೂತವನು. ಮಗನನ್ನೋ ಮಗಳನ್ನೋ ಯುರೋಪಿಗೆ ಓದಲು ಕಳಿಸುತ್ತಿರುವ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಹೇಳುವುದು ಒಂದೇ ಮಾತು. ಫೀಸು ಕಟ್ಟುವ ಮೊದಲು ಆ ಉದ್ದದ ಖಾತೆ ನಂಬರನ್ನು ತೊಂಬತ್ತೇಳರಿಂದ ಭಾಗಿಸಿ. ಕೊನೆಗೆ ಒಂದು ಉಳಿಯಬೇಕು. ಉಳಿಯದಿದ್ದರೆ ದುಡ್ಡು ಕಳಿಸಬೇಡಿ.

ಉದ್ದದ ನಂಬರ್ ಅಂದರೆ ಐಬ್ಯಾನ್. ನಮ್ಮ ದೇಶದಲ್ಲಿ ಅದು ಇಲ್ಲ. ಇಲ್ಲಿ ಖಾತೆ ನಂಬರು, ಐಎಫ್‌ಎಸ್‌ಸಿ ಕೋಡು, ಅಷ್ಟೆ. ಯುರೋಪಿನಲ್ಲಿ ದೇಶ, ಬ್ಯಾಂಕು, ಖಾತೆ ಎಲ್ಲವನ್ನೂ ಒಂದೇ ಸಾಲಿನಲ್ಲಿ ಪೋಣಿಸಿರುತ್ತಾರೆ. ಜರ್ಮನಿಯದು 22 ಅಕ್ಷರ. ನೆದರ್ಲ್ಯಾಂಡ್ಸ್‌ನದು 18, ಫ್ರಾನ್ಸಿನದು 27. ಮೊದಲ ಎರಡು ಅಕ್ಷರ ದೇಶದ ಗುರುತು. ಅದರ ಪಕ್ಕದ ಎರಡು ಅಂಕಿ ಇವೆಯಲ್ಲ, ಅವೇ ಚೆಕ್ ಡಿಜಿಟ್. ಮಿಕ್ಕ ನಂಬರನ್ನು ಲೆಕ್ಕ ಹಾಕಿ ಬ್ಯಾಂಕಿನವರು ಆ ಎರಡು ಅಂಕಿಯನ್ನು ಸೇರಿಸಿರುತ್ತಾರೆ. ನಿಮ್ಮ ಆಧಾರ್ ನಂಬರಿನ ಕೊನೆಯ ಅಂಕಿಯೂ ಇಂಥದ್ದೇ ಕಾವಲುಗಾರ, ಅದರ ಲೆಕ್ಕ ಮಾತ್ರ ಬೇರೆ.

ಇದು ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ನನಗೆ ಮನದಟ್ಟು ಮಾಡಿಸಿದ್ದು ಒಂದು ಕುಟುಂಬ. ಅವರ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಜಯನಗರದ ಕಡೆಯವರು. ಮಗಳಿಗೆ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತು. ಆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು 2017ರಿಂದ ನಮ್ಮಂಥ ಹೊರಗಿನ ದೇಶದವರಿಂದ ಒಂದು ಸೆಮಿಸ್ಟರಿಗೆ 1,500 ಯೂರೋ ಫೀಸು ತೆಗೆದುಕೊಳ್ಳುತ್ತವೆ. ಅಪ್ಪ ವಿದೇಶಕ್ಕೆ ದುಡ್ಡು ಕಳಿಸಲು ಬೇಕಾದ ಎ-2 ಫಾರ್ಮ್ ತುಂಬಿ, ಮಗಳ ಜೊತೆ ನನ್ನ ಮುಂದೆ ಬಂದು ಕೂತರು. ಐಬ್ಯಾನನ್ನು ಒಂದು ಮದುವೆ ಕರೆಯೋಲೆಯ ಹಿಂಬದಿಯಲ್ಲಿ ಬರೆದುಕೊಂಡಿದ್ದರು. ನಾನು ಅದನ್ನು ನೋಡಿ ಫಾರ್ಮಿನ ಜೊತೆ ತಾಳೆ ಮಾಡಿದೆ. ಎರಡೂ ಒಂದೇ ಇತ್ತು. ಕಳಿಸಿದೆವು.

ಹನ್ನೆರಡನೇ ದಿನ ದುಡ್ಡು ವಾಪಸ್ ಬಂತು. ಅಂಥ ಖಾತೆಯೇ ಇಲ್ಲ ಅಂತ ಷರಾ. ನಡುವಿನ ಬ್ಯಾಂಕುಗಳು ತಮ್ಮ ಚಾರ್ಜು ಹಿಡಿದುಕೊಂಡಿದ್ದವು. ಹೋಗುವಾಗ ಬ್ಯಾಂಕು ಯೂರೋ ಮಾರುವ ದರ, ಬರುವಾಗ ಕೊಳ್ಳುವ ದರ. ಆ ಎರಡರ ನಡುವೆಯೂ ಒಂದಷ್ಟು ಕರಗಿತು. ಅದಕ್ಕಿಂತ ಹೆಚ್ಚಾಗಿ, ಪ್ರವೇಶ ಖಚಿತ ಮಾಡಿಕೊಳ್ಳುವ ಕೊನೆಯ ದಿನಾಂಕಕ್ಕೆ ನಾಲ್ಕೇ ದಿನ ಇತ್ತು. ಹುಡುಗಿ ಕೌಂಟರಿನ ಮುಂದೆ ನಿಂತು ಅತ್ತುಬಿಟ್ಟಳು.

ನಾನು ಕೇಳಿದೆ, ‘ಈ ನಂಬರ್ ಎಲ್ಲಿಂದ ಬರೆದುಕೊಂಡೆಯಮ್ಮ?’ ಅಂತ. ‘ಅಂಕಲ್, ಲೆಟರ್ ಪ್ರಿಂಟ್ ತೆಗೆಸಿದ್ದು ಮಸುಕಾಗಿತ್ತು. ಅವರ ಆಫೀಸಿಗೇ ಫೋನ್ ಮಾಡಿ ಕೇಳಿ ಬರೆದುಕೊಂಡೆ’ ಅಂದಳು. ‘ಯಾವ ಭಾಷೆಯಲ್ಲಿ ಹೇಳಿದರು?’ ‘ಜರ್ಮನ್‌ನಲ್ಲೇ. ನಾನು ಕ್ಲಾಸಿಗೆ ಹೋಗ್ತಿದ್ದೀನಲ್ಲ.’

ತಪ್ಪು ಹುಟ್ಟಿದ್ದು ಅಲ್ಲೇ. ಕನ್ನಡದಲ್ಲಿ ನಾವು ಮೂವತ್ತೆರಡು ಅಂತೀವಿ. ಮೂವತ್ತು ಮುಂದೆ, ಎರಡು ಹಿಂದೆ. ಬರೆಯುವುದೂ ಹಾಗೇ. ಜರ್ಮನ್ನರು ಅದನ್ನೇ ‘ಎರಡು ಮತ್ತು ಮೂವತ್ತು’ ಅಂತಾರೆ. ಆಫೀಸಿನಾಕೆ ನಂಬರನ್ನು ಎರಡೆರಡು ಅಂಕಿಯಾಗಿ ಓದಿದ್ದಾರೆ. ಹುಡುಗಿ ‘ಎರಡು’ ಕಿವಿಗೆ ಬಿದ್ದ ಕೂಡಲೇ ಎರಡು ಬರೆದಳು, ಆಮೇಲೆ ಮೂರು ಬರೆದಳು. 32 ಇದ್ದದ್ದು 23 ಆಯಿತು. ಇಪ್ಪತ್ತೆರಡು ಅಕ್ಷರದಲ್ಲಿ ಅದಲು ಬದಲಾಗಿದ್ದು ಎರಡೇ ಅಂಕಿ.

ನಾನು ಮಾಡಿದ ತಾಳೆ ಯಾಕೆ ಪ್ರಯೋಜನಕ್ಕೆ ಬರಲಿಲ್ಲ? ತಪ್ಪು ನಂಬರನ್ನು ಅದೇ ತಪ್ಪು ನಂಬರಿನ ಜೊತೆ ಎಷ್ಟು ಸಲ ಹೋಲಿಸಿದರೂ ಸರಿಯಾಗಿಯೇ ಕಾಣುತ್ತದೆ. ಭಾಗಾಕಾರ ಮಾಡಿದ್ದರೆ ಎರಡೇ ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಈಗ ಆ ಭಾಗಾಕಾರ ಮಾಡೋಣ. ಪೆನ್ನು, ಹಾಳೆ, ಫೋನಿನ ಕ್ಯಾಲ್ಕುಲೇಟರ್ ಹತ್ತಿರ ಇಟ್ಟುಕೊಳ್ಳಿ. ಅವರ ನಿಜವಾದ ನಂಬರ್ ನಾನು ಹೇಳುವ ಹಾಗಿಲ್ಲ. ಎಲ್ಲ ಕಡೆ ಮಾದರಿಗೆ ಕೊಡುವ ಒಂದು ಜರ್ಮನ್ ಐಬ್ಯಾನ್ ಇದೆ. ನಿಧಾನವಾಗಿ ಓದುತ್ತೇನೆ, ಬರೆದುಕೊಳ್ಳಿ.

```
DE89 3704 0044 0532 0130 00
```

ಮೊದಲ ಕೆಲಸ, ಮುಂದಿನ ನಾಲ್ಕು ಅಕ್ಷರವನ್ನು, ಅಂದರೆ ಡಿ, ಇ, ಎಂಟು, ಒಂಬತ್ತನ್ನು ಎತ್ತಿ ಕೊನೆಗೆ ಹಾಕಿ. ಎರಡನೆಯದು, ಅಕ್ಷರಗಳನ್ನು ಅಂಕಿ ಮಾಡಿ. ಎ ಅಂದರೆ 10, ಬಿ ಅಂದರೆ 11, ಹೀಗೇ ಝಡ್‌ವರೆಗೆ 35. ಡಿ ಅಂದರೆ 13, ಇ ಅಂದರೆ 14. ಈಗ ನಿಮ್ಮ ಹಾಳೆಯ ಮೇಲೆ ಇಪ್ಪತ್ತನಾಲ್ಕು ಅಂಕಿಯ ಒಂದು ಸಂಖ್ಯೆ ಇರಬೇಕು.

```
370400440532013000131489
```

ಇಷ್ಟು ಉದ್ದದ ಸಂಖ್ಯೆಯನ್ನು ಫೋನಿನಲ್ಲಿ ಒಂದೇ ಸಲ ಭಾಗಿಸಲು ಹೋಗಬೇಡಿ. ಎಕ್ಸೆಲ್‌ನಲ್ಲೂ ಬೇಡ. ಎಕ್ಸೆಲ್ ಹದಿನೈದು ಅಂಕಿ ಮಾತ್ರ ನೆನಪಿಟ್ಟುಕೊಂಡು ಮಿಕ್ಕ ಜಾಗಕ್ಕೆ ಸೊನ್ನೆ ತುಂಬಿಬಿಡುತ್ತದೆ. ಚಿಕ್ಕ ಚಿಕ್ಕ ತುಂಡು ಮಾಡಿಕೊಳ್ಳಿ, ಶಾಲೆಯಲ್ಲಿ ಭಾಗಾಕಾರ ಮಾಡುವಾಗ ಒಂದೊಂದೇ ಅಂಕಿ ಕೆಳಗಿಳಿಸುತ್ತಿದ್ದೆವಲ್ಲ, ಹಾಗೆ.

ಮೊದಲ ಒಂಬತ್ತು ಅಂಕಿ, 370400440. ಇದನ್ನು 97ರಿಂದ ಭಾಗಿಸಿದರೆ 3818561 ಬಂದು ಮುಂದೆ ಚುಕ್ಕಿ ಬರುತ್ತದೆ. ಚುಕ್ಕಿಯ ಆಚೆಯದನ್ನು ಬಿಡಿ. 3818561ನ್ನು ಮತ್ತೆ 97ರಿಂದ ಗುಣಿಸಿ, 370400417. ಮೊದಲ ಸಂಖ್ಯೆಯಿಂದ ಇದನ್ನು ಕಳೆದರೆ ಉಳಿಯುವುದು 23.

ಈ 23ರ ಪಕ್ಕಕ್ಕೆ ಮುಂದಿನ ಏಳು ಅಂಕಿ ಇಳಿಸಿ, 235320130 ಆಯಿತು. ಅದೇ ಥರ ಭಾಗಿಸಿದರೆ 70 ಉಳಿಯುತ್ತದೆ. 70ರ ಪಕ್ಕ ಮತ್ತೆ ಏಳು ಅಂಕಿ, ಸೊನ್ನೆಗಳನ್ನು ಬಿಡಬೇಡಿ, 700013148. ಉಳಿಯುವುದು 38. ಕೊನೆಯಲ್ಲಿ ಒಂಬತ್ತು ಒಂದೇ ಬಾಕಿ. ಅದನ್ನೂ ಇಳಿಸಿದರೆ 389. ತೊಂಬತ್ತೇಳು ನಾಲ್ಕಲೆ ಮುನ್ನೂರ ಎಂಬತ್ತೆಂಟು. ಉಳಿಯಿತು ಒಂದು. ಈ ಒಂದು ಬಂದರೆ ನಂಬರ್ ಸರಿಯಾಗಿ ಕೂತಿದೆ ಅಂತ ಅರ್ಥ.

ಈಗ ಆ ಹುಡುಗಿಯ ತಪ್ಪನ್ನೇ ಇಲ್ಲಿ ಮಾಡಿ ನೋಡೋಣ. 0532 ಇರುವ ಕಡೆ 0523 ಅಂತ ಬರೆಯಿರಿ. ಮೊದಲ ತುಂಡು ಹಾಗೇ ಇದೆ, 23 ಉಳಿಯಿತು. ಎರಡನೆಯದರಲ್ಲಿ 70ರ ಬದಲು 86. ಮೂರನೆಯದರಲ್ಲಿ 90. ಕೊನೆಗೆ 909ನ್ನು ಭಾಗಿಸಿದರೆ 36 ಉಳಿಯುತ್ತದೆ. ಒಂದು ಬರಲಿಲ್ಲ, ಅಲ್ವಾ? ದುಡ್ಡು ಬೆಂಗಳೂರು ಬಿಡುವ ಮೊದಲೇ ತಪ್ಪು ಗೊತ್ತಾಯಿತು.

ತೊಂಬತ್ತೇಳೇ ಯಾಕೆ ಅಂತ ಕೇಳುತ್ತೀರಿ. ಅದು ಎರಡಂಕಿಯ ಅವಿಭಾಜ್ಯ ಸಂಖ್ಯೆಗಳಲ್ಲಿ ಅತಿ ದೊಡ್ಡದು. ಒಂದು ಅಂಕಿ ತಪ್ಪಾದರೆ ಅದು ಹಿಡಿದೇ ಹಿಡಿಯುತ್ತದೆ. ಬೇರೆ ಬೇರೆ ಎರಡು ಅಂಕಿ ಅದಲು ಬದಲಾದರೂ ಹಿಡಿದೇ ಹಿಡಿಯುತ್ತದೆ, ಅವು ಪಕ್ಕಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ನಾವು ಕೈಯಲ್ಲಿ ಬರೆಯುವಾಗ, ಕಿವಿಯಲ್ಲಿ ಕೇಳುವಾಗ ಮಾಡುವ ತಪ್ಪು ಜಾಸ್ತಿ ಇವೆರಡೇ. ನಂಬರ್ ಪೂರ್ತಿ ಹಾಳಾಗಿದ್ದರೂ ಸುಮಾರು ತೊಂಬತ್ತೇಳು ಸಲಕ್ಕೆ ಒಂದು ಸಲ ಮಾತ್ರ ಕಣ್ತಪ್ಪಿಸಿಕೊಂಡೀತು. ಮನೆಯಲ್ಲಿ ಪೈಥಾನ್ ಗೊತ್ತಿರುವ ಮಕ್ಕಳಿದ್ದರೆ ಇದು ಒಂದೇ ಸಾಲಿನ ಕೆಲಸ.

```
print(370400440532013000131489 % 97)
```

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಡಿ. ಇದನ್ನು ನೋಡಿದಾಗೆಲ್ಲ ನನಗೆ ತಳಮಳ ಆಗುತ್ತದೆ. ಒಂದು ಬರಲಿಲ್ಲ ಅಂದ ಕೂಡಲೇ ಕೆಲವರು ಇಂಟರ್ನೆಟ್ಟಿನಲ್ಲಿ ಐಬ್ಯಾನ್ ಲೆಕ್ಕ ಹಾಕಿಕೊಡುವ ಪುಟ ಹುಡುಕುತ್ತಾರೆ. ಬ್ಯಾಂಕ್ ಕೋಡು, ಖಾತೆ ನಂಬರ್ ಹಾಕುತ್ತಾರೆ, ಅದು ಹೊಸ ಚೆಕ್ ಡಿಜಿಟ್ ಕೊಡುತ್ತದೆ. ಹಳೆಯ ಎರಡು ಅಂಕಿ ತೆಗೆದು ಹೊಸದನ್ನು ಕೂರಿಸುತ್ತಾರೆ. ಈಗ ಭಾಗಿಸಿದರೆ ಒಂದೇ ಬರುತ್ತದೆ! ಆದರೆ ನಡುವಿನ ಖಾತೆ ನಂಬರು ತಪ್ಪಾಗಿಯೇ ಇದೆಯಲ್ಲ? ಕಳ್ಳನನ್ನು ಹಿಡಿಯಲು ನಿಂತಿದ್ದ ಕಾವಲುಗಾರನನ್ನೇ ಮನೆಗೆ ಕಳಿಸಿದ ಹಾಗಾಯಿತು. ಆ ಎರಡು ಅಂಕಿ ವಿಶ್ವವಿದ್ಯಾಲಯದ ಪತ್ರದಿಂದಲೇ ಬರಬೇಕು. ನೀವು ಹುಟ್ಟಿಸಬಾರದು. ತಪ್ಪು ಬಂದರೆ ಮೂಲ ಪತ್ರಕ್ಕೆ ಹೋಗಿ, ಪಿಡಿಎಫ್‌ನಿಂದಲೇ ನಂಬರ್ ಕಾಪಿ ಮಾಡಿಕೊಳ್ಳಿ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಐಬ್ಯಾನ್ ಇಲ್ಲ, ಅಲ್ಲಿಗೆ ಈ ಲೆಕ್ಕ ಬೇಡ. ಮತ್ತೆ, ಒಂದು ಉಳಿಯಿತು ಅಂದರೆ ನಂಬರ್ ಬರೆಯುವಾಗ ತಪ್ಪಾಗಿಲ್ಲ ಅಂತ ಮಾತ್ರ. ಆ ಖಾತೆ ಯಾರದು ಅಂತ ಅದು ಹೇಳುವುದಿಲ್ಲ. ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇಲ್ಲಿಗೆ ಕಟ್ಟಿ’ ಅಂತ ಮೇಲ್ ಬಂದರೆ, ಮೋಸಗಾರನ ಐಬ್ಯಾನಿಗೂ ಒಂದೇ ಉಳಿಯುತ್ತದೆ. ಆಗ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿರುವ ಫೋನ್ ನಂಬರಿಗೆ ಮಾಡಿ ಕೇಳಿ, ಆ ಮೇಲ್‌ನಲ್ಲಿ ಕೊಟ್ಟ ನಂಬರಿಗಲ್ಲ. ಅವರು ಐಬ್ಯಾನ್ ಹೇಳುವಾಗ ಒಂದೊಂದೇ ಅಂಕಿ ಹೇಳಿ ಅಂತ ಕೇಳಿಕೊಳ್ಳಿ.

ಜಯನಗರದ ಹುಡುಗಿ ಪಿಡಿಎಫ್ ತಂದಳು. ಮೂವರೂ ಕೂತು ಭಾಗಿಸಿದೆವು, ಒಂದು ಉಳಿಯಿತು. ದುಡ್ಡು ಮತ್ತೆ ಕಳಿಸಿ, ಹಾಗೆ ಕಳಿಸಿದ್ದಕ್ಕೆ ಬ್ಯಾಂಕು ಕೊಡುವ ದಾಖಲೆಯಾದ ಸ್ವಿಫ್ಟ್ ಕಾಪಿಯನ್ನು ಆಕೆಯ ಕೈಗೆ ಕೊಟ್ಟೆ. ಆಕೆ ಅದನ್ನು ಅವತ್ತೇ ಅಲ್ಲಿಯ ಆಫೀಸಿಗೆ ಮೇಲ್ ಮಾಡಿದಳು. ಅವರು ಒಂದು ವಾರ ಗಡುವು ಮುಂದೆ ಹಾಕಿಕೊಟ್ಟರು. ನೀವೂ ದುಡ್ಡು ಕಳಿಸಿದ ಮೇಲೆ ಸ್ವಿಫ್ಟ್ ಕಾಪಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಹಣ ಪಡೆಯುವವರ ಖಾತೆಯ ಸಾಲು ಇರುತ್ತದೆ. ಬ್ಯಾಂಕಿನವರು ಟೈಪ್ ಮಾಡಿದ ಆ ನಂಬರನ್ನೂ ಅಲ್ಲೇ ನಿಂತು ಒಮ್ಮೆ ತೊಂಬತ್ತೇಳರಿಂದ ಭಾಗಿಸಿ. ನಮಸ್ಕಾರ.