ಬ್ಯಾಚ್ ಕೋಡ್ ಸರಿ ಇತ್ತು, ಪರ್ಫ್ಯೂಮ್ ಮಾತ್ರ ನಕಲಿ

[ಮೇಜಿನ ಮೇಲೆ ಒಂದು ಬಾಟಲಿ, ಪಕ್ಕದಲ್ಲಿ ಅದರ ಡಬ್ಬ]

ನಮಸ್ಕಾರ, ಹಾಸನದಿಂದ. ಮೊನ್ನೆ ರಾತ್ರಿ ನಮ್ಮ ಚಿಕ್ಕಪ್ಪನ ಮಗ ವಾಟ್ಸಾಪ್‌ನಲ್ಲಿ ನಾಲ್ಕು ಫೋಟೋ ಕಳಿಸಿದ. "ಅಣ್ಣಾ, ಅಂಗಡೀಲಿ ಎಂಟು ಸಾವಿರದ ಪರ್ಫ್ಯೂಮು, ಒಬ್ಬ ಮೂರೂವರೆಗೆ ಕೊಡ್ತಾನಂತೆ, ಒಂದೇ ಸಲ ಹೊಡೆದು ನೋಡಿದ್ದಂತೆ. ಹೊಸ ಬಸ್‌ಸ್ಟ್ಯಾಂಡ್ ಹತ್ರ ನಾಳೆ ಸಿಗ್ತಾನೆ. ಬ್ಯಾಚ್ ಕೋಡ್ ವೆಬ್‌ಸೈಟಿಗೆ ಹಾಕಿ ನೋಡ್ದೆ, ಒರಿಜಿನಲ್ಲೇ."

ಎಡವಟ್ಟು ಆಗೋದು ಇಲ್ಲೇ. ಆ ವೆಬ್‌ಸೈಟ್ ಕೋಡ್ ಓದಿ, ಯಾವ ವರ್ಷ ಯಾವ ತಿಂಗಳು ತಯಾರಾಗಿದ್ದು ಅಂತ ಹೇಳುತ್ತದೆ, ಅಷ್ಟೇ. ನಿಮ್ಮ ಕೈಯಲ್ಲಿರುವ ಬಾಟಲಿ ಅಸಲಿಯೋ ನಕಲಿಯೋ ಅದಕ್ಕೆ ಹೇಗೆ ಗೊತ್ತಾಗಬೇಕು? ನಕಲಿ ಮಾಡುವವನು ಒಂದು ಅಸಲಿ ಡಬ್ಬ ಕೊಂಡು, ಅದರ ಕೋಡನ್ನೇ ಸಾವಿರ ಡಬ್ಬಕ್ಕೆ ಹಾಕಿದರೆ ಸಾವಿರವೂ ಪಾಸ್.

ಅದೃಷ್ಟಕ್ಕೆ ಅದೇ ಪರ್ಫ್ಯೂಮ್ ನನ್ನ ಹತ್ತಿರ ಇತ್ತು, ಭಾವ ದುಬೈನಿಂದ ತಂದಿದ್ದು. ಪಕ್ಕ ಇಟ್ಟು ನೋಡಿದೆ. ಇದೇ ಬಾಟಲಿ ನಿಮ್ಮ ಹತ್ತಿರ ಇಲ್ಲದಿದ್ದರೆ ಕಂಪನಿಯ ಸ್ವಂತ ಸೈಟಿನ ಫೋಟೋ ಇಟ್ಟುಕೊಳ್ಳಿ, ಹೋಲಿಸಿ ನೋಡದೆ ಏನೂ ಗೊತ್ತಾಗಲ್ಲ.

[ಸ್ಕ್ರೀನ್ ಮೇಲೆ: ಡಬ್ಬದ ಫೋಟೋ, ಮಡಿಕೆ ದೊಡ್ಡದಾಗಿ]

ಮೊದಲ ಫೋಟೋ, ಒಡೆಯುವ ಮುಂಚಿನ ಡಬ್ಬ. ಅಸಲಿಯಲ್ಲಿ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಕೂತಿರುತ್ತದೆ, ತುದಿಯ ಮಡಿಕೆ ಪೋಸ್ಟ್ ಕವರ್ ಮಡಚಿದ ಹಾಗೆ ನೀಟಾಗಿ ಇರುತ್ತದೆ. ಇದರಲ್ಲಿ ಒಂದು ಮೂಲೆ ಸಡಿಲ, ಅಂಚಿನಲ್ಲಿ ಗೋಂದು ಹರಡಿದ ಹಾಗೆ ಒಂದು ಮಬ್ಬು ಪಟ್ಟಿ. ಆದರೆ ಇದನ್ನೇ ನೆಚ್ಚಬೇಡಿ. ಪ್ಲಾಸ್ಟಿಕ್ ಸುತ್ತದೇ ಬರುವ ಅಸಲಿ ಪರ್ಫ್ಯೂಮೂ ಇವೆ, ಮತ್ತೆ ನೀಟಾಗಿ ಸುತ್ತುವ ಮೆಷಿನ್ ನಕಲಿಯವನೂ ಕೊಳ್ಳಬಹುದು, ಅಲ್ವಾ?

ಎರಡನೆಯದು ಮುಚ್ಚಳ. ನನ್ನದರಲ್ಲಿ ಮುಚ್ಚಳ ಬಾಟಲಿಯ ಹೆಗಲ ಮೇಲೆ ಸುತ್ತಲೂ ಒಂದೇ ಸಮ ಕೂತಿದೆ. ಅವನದರಲ್ಲಿ ಎಡಗಡೆ ಸಂದು ಕೂದಲೆಳೆಯಷ್ಟು, ಬಲಗಡೆ ಉಗುರು ತೂರುವಷ್ಟು. ಜೊತೆಗೆ ಪ್ಲಾಸ್ಟಿಕ್ ಅಚ್ಚಿನ ಗೆರೆಯೊಂದು ಪಕ್ಕದಲ್ಲಿ ಮೇಲಿಂದ ಕೆಳಗೆ ಇಳಿದಿದೆ.

[ಸ್ಕ್ರೀನ್ ಮೇಲೆ: ಮುಚ್ಚಳ ತೆಗೆದ ಫೋಟೋ, ಎರಡು ಬಾಟಲಿ ಅಕ್ಕಪಕ್ಕ]

ನನಗೆ ಜಾಸ್ತಿ ನಂಬಿಕೆ ಇರೋದು ಸ್ಪ್ರೇ ಮೇಲೆ, ಅದರಲ್ಲೂ ಒಳಗಿನ ಕೊಳವೆ ಮೇಲೆ. ಇದನ್ನು ಯಾರೂ ನೋಡಲ್ಲ, ಅದಕ್ಕೇ ನಕಲಿಯವನೂ ಇದಕ್ಕೆ ದುಡ್ಡು ಹಾಕಲ್ಲ. ನನ್ನ ಬಾಟಲಿಯಲ್ಲಿ ಕೊಳವೆ ಸಣ್ಣ, ದ್ರವದಲ್ಲಿ ಮುಳುಗಿದ ಕಡೆ ಇದೆಯೋ ಇಲ್ಲವೋ ಅನ್ನುವ ಹಾಗೆ ಮಾಯ, ತಳದವರೆಗೆ ಅಳತೆ ಮಾಡಿ ಕತ್ತರಿಸಿದ್ದು. ಅವನದರಲ್ಲಿ ಎಳನೀರಿನ ಸ್ಟ್ರಾ ಹಾಗೆ ದಪ್ಪ, ಹಾಲಿನ ಬಿಳುಪು, ಉದ್ದ ಜಾಸ್ತಿಯಾಗಿ ತಳದಲ್ಲಿ ಕೊಕ್ಕೆಯಂತೆ ಬಾಗಿಕೊಂಡಿದೆ. ಕುತ್ತಿಗೆಯ ಲೋಹದ ಉಂಗುರವೂ ಒಂದು ಕಡೆ ವಾಲಿದೆ.

ಇಷ್ಟಾದ ಮೇಲೆ ನಾಲ್ಕನೆಯದಕ್ಕೆ ಬಂದೆ, ಡಬ್ಬದ ತಳದ ಕೋಡ್: 2K04. ಇದನ್ನೇ ನಮ್ಮ ಹುಡುಗ ವೆಬ್‌ಸೈಟಿಗೆ ಹಾಕಿದ್ದು. ಆದರೆ ಕೋಡ್ ಎರಡು ಕಡೆ ಇರುತ್ತದೆ, ಬಾಟಲಿಯ ತಳದಲ್ಲೂ. ಎರಡೂ ಒಂದೇ ಇರಬೇಕು. "ಬಾಟಲಿ ತಳದ ಫೋಟೋ ಕೇಳು," ಅಂದೆ. "ಟಾರ್ಚ್ ಮೇಲಿಂದ ಬೇಡ, ಪಕ್ಕದಿಂದ ಓರೆಯಾಗಿ ಬಿಡಲಿ. ಪಕ್ಕದಲ್ಲಿ ಇವತ್ತಿನ ತಾರೀಖು ಬರೆದ ಚೀಟಿ ಇಡಲಿ, ಡಾಕ್ಯುಮೆಂಟ್ ಮಾಡಿ ಕಳಿಸಲಿ." ಓರೆ ಬೆಳಕು ಯಾಕೆ ಅಂದರೆ, ಎಷ್ಟೋ ಕೋಡ್ ಶಾಯಿಯಿಲ್ಲದೆ ಬರೀ ಒತ್ತಿದ ಗುರುತು, ನೇರ ಬೆಳಕಲ್ಲಿ ಕಾಣುವುದೇ ಇಲ್ಲ. ಚೀಟಿ ಇದ್ದರೆ ಬೇರೆಯವರ ಫೋಟೋ ಕದ್ದು ಕಳಿಸಲು ಆಗಲ್ಲ. ಡಾಕ್ಯುಮೆಂಟ್ ಮಾಡದಿದ್ದರೆ ವಾಟ್ಸಾಪ್ ಫೋಟೋ ಕುಗ್ಗಿಸಿ ಸಣ್ಣ ಅಕ್ಷರ ಕಲಸಿಬಿಡುತ್ತದೆ.

[ಸ್ಕ್ರೀನ್ ಮೇಲೆ: 2K04 / 2K01]

ಒಂದು ಗಂಟೆ ಬಿಟ್ಟು ಫೋಟೋ ಬಂತು, ಚೀಟಿ ಇರಲಿಲ್ಲ. ತಳದಲ್ಲಿ 2K01. ಅದೂ ಕಪ್ಪು ಶಾಯಿ, 0 ಸ್ವಲ್ಪ ಹರಡಿಕೊಂಡಿತ್ತು. ನನ್ನದರಲ್ಲಿ ಶಾಯಿಯೇ ಇಲ್ಲ, ಗಾಜಿನ ಮೇಲೆ ಕೆತ್ತಿದ್ದು.

"ಅಣ್ಣಾ, ಡಬ್ಬ ಅದಲುಬದಲು ಆಗಿರಬಹುದಲ್ವಾ?" ಅಂದ. ಆಗಿರಬಹುದು ಕಣೋ, ತಪ್ಪಿರೋದು ಕೋಡ್ ಮಾತ್ರ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಡಬ್ಬ ಬದಲಾದರೆ ಕೊಳವೆ ದಪ್ಪ ಆಗುತ್ತದಾ?

ಒಂದು ವಿಷಯ ಮಾತ್ರ ಫೋಟೋದಲ್ಲಿ ಸಿಗಲ್ಲ. ಖಾಲಿಯಾದ ಅಸಲಿ ಬಾಟಲಿಗೆ ಅಗ್ಗದ ಸೆಂಟು ತುಂಬಿ ಮಾರಿದರೆ ಮುಚ್ಚಳ, ಕೊಳವೆ, ಕೋಡ್ ಎಲ್ಲವೂ ಸರಿಯಾಗೇ ಇರುತ್ತವೆ. ಕುತ್ತಿಗೆಯ ಉಂಗುರದಲ್ಲಿ ಇಕ್ಕಳದ ಗೀರು ಕಂಡರೆ ಅನುಮಾನ ಪಡಿ. ತಿರುಗಿಸಿ ತೆಗೆಯುವ ಸ್ಪ್ರೇ ಆದರೆ ಆ ಗೀರೂ ಇರಲ್ಲ. ಅಂಥದ್ದನ್ನು ಮೂಸಿ ನೋಡದೆ ದುಡ್ಡು ಕೊಡಬೇಡಿ.

ಚೀಟಿ ಇಟ್ಟು ಇನ್ನೊಂದು ಫೋಟೋ ಕಳಿಸಿ ಅಂತ ಕೇಳಿದ್ದಕ್ಕೆ ಉತ್ತರ ಬರಲಿಲ್ಲ, ಬೆಳಿಗ್ಗೆ ನೋಡಿದರೆ ಮಾರೋನ ಡಿಪಿಯೇ ಮಾಯ. ನಮ್ಮ ಹುಡುಗ ಮದುವೆಗೆ ನನ್ನ ಬಾಟಲಿ ತಗೊಂಡು ಹೋದ. ವಾಪಸ್ ಬಂದಾಗ ಅರ್ಧ ಇತ್ತು.