ಮೊದಲ ಸಂಬಳ: ಕಾರ್ಡಿನ ಬಾಕಿಗೋ, ಎಸ್‌ಐಪಿಗೋ?

(ಮಡಿಕೇರಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಪದವೀಧರರಿಗಾಗಿ ನೀಡಿದ ಉಪನ್ಯಾಸ)

ಸ್ನೇಹಿತರೇ, ಒಂದು ಲೆಕ್ಕದಿಂದಲೇ ಶುರು ಮಾಡೋಣ. ಕುಶಾಲನಗರದಲ್ಲಿ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ಎಂದು ಊಹಿಸಿಕೊಳ್ಳಿ. ಕೈಗೆ ಬರುವ ಸಂಬಳ 24,000 ರೂಪಾಯಿ. ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು ತಿಂಗಳಿಗೆ 8,000 ಉಳಿಯುತ್ತದೆ. ಫೋನು, ಲ್ಯಾಪ್‌ಟಾಪು, ಹುತ್ತರಿ ಹಬ್ಬದ ಬಟ್ಟೆ ಎಂದು ಕ್ರೆಡಿಟ್ ಕಾರ್ಡ್ ಉಜ್ಜಿದ್ದರಿಂದ 60,000 ಬಾಕಿ ಇದೆ. ಜೊತೆಗೆ ಕೆಲಸ ಮಾಡುವವರೆಲ್ಲ ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಕಂತು ಹಾಕುವುದು, ಶುರು ಮಾಡಿದ್ದಾರೆ.

ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5 ಎನ್ನಿ. ಕೇಳಲು ಸಣ್ಣದು. ಆದರೆ ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೀಳುವುದರಿಂದ ನಿಜವಾಗಿ ಕಟ್ಟುವುದು ತಿಂಗಳಿಗೆ ಶೇ 4.13. ಅಂದರೆ ಮೊದಲ ತಿಂಗಳೇ 2,478 ರೂಪಾಯಿ. ಸ್ಟೇಟ್‌ಮೆಂಟಿನಲ್ಲಿ ಕಾಣುವ ಮಿನಿಮಮ್ ಡ್ಯೂ ಒಟ್ಟು ಬಾಕಿಯ ಶೇ 5 ಇದ್ದರೆ ಅದು ಸುಮಾರು 3,124. ಅಷ್ಟನ್ನೇ ಕಟ್ಟಿದರೆ ಅಸಲಿನಲ್ಲಿ ಕರಗುವುದು ಬರೀ 646 ರೂಪಾಯಿ. ಲೇಟ್ ಫೀ ತಪ್ಪುತ್ತದೆ, ಸಾಲ ತಪ್ಪುವುದಿಲ್ಲ.

ಹೆಚ್ಚಿನವರು ಹಿಡಿಯುವುದು ನಡುದಾರಿ: ಕಾರ್ಡಿಗೆ 4,000, ಎಸ್‌ಐಪಿಗೆ 4,000. ಫಂಡು ವರ್ಷವಿಡೀ ತಿಂಗಳಿಗೆ ಶೇ 1ರಂತೆ ಬೆಳೆಯಿತು ಎಂದು ಧಾರಾಳವಾಗಿಯೇ ಹಿಡಿಯೋಣ. ಷೇರುಪೇಟೆ ಅಂಥ ಮಾತು ಕೊಡುವುದಿಲ್ಲ. 12 ತಿಂಗಳ ಕೊನೆಗೆ ಫಂಡಿನಲ್ಲಿ ಸುಮಾರು 50,700 ಇರುತ್ತದೆ, ಕಾರ್ಡಿನಲ್ಲಿ ಇನ್ನೂ 37,000 ಬಾಕಿ. ಗಳಿಸಿದ್ದು 2,700, ಬಡ್ಡಿಗೆ ಹೋದದ್ದು 25,000. ಕಳೆದು ನೋಡಿದರೆ ಕೈಯಲ್ಲಿ ನಿಲ್ಲುವುದು 13,700.

ಅದರ ಬದಲು 8,000 ಪೂರ್ತಿ ಕಾರ್ಡಿಗೇ ಹಾಕಿದರೆ 9 ತಿಂಗಳಿಗೆ ಬಾಕಿ 1,250ಕ್ಕೆ ಇಳಿದು, ಹತ್ತನೇ ತಿಂಗಳು ಮುಗಿಯುತ್ತದೆ. ಒಟ್ಟು ಬಡ್ಡಿ 13,300. ಹತ್ತನೇ ತಿಂಗಳು ಮಿಕ್ಕದ್ದು ಮತ್ತು ಕೊನೆಯ ಎರಡು ತಿಂಗಳ ಹಣ ಸೇರಿ 22,700 ಉಳಿತಾಯ, ಸಾಲ ಸೊನ್ನೆ. ಅಂದರೆ ಸುಮಾರು 9,000 ಹೆಚ್ಚು, ಅದೂ ಪೇಟೆಯ ಏರಿಳಿತದ ಗೊಡವೆಯಿಲ್ಲದೆ.

ಈ ಲೆಕ್ಕ ಕೆಡುವುದು ಒಂದೇ ಕಡೆ. ಕಾರ್ಡನ್ನು ಉಪಯೋಗಿಸುತ್ತಲೇ ಇದ್ದರೆ. ಹಿಂದಿನ ಬಾಕಿ ಪೂರ್ತಿ ತೀರದಿದ್ದಾಗ ಬಡ್ಡಿಯಿಲ್ಲದ ದಿನಗಳ ಸೌಲಭ್ಯ ಹೋಗಿಬಿಡುತ್ತದೆ. ಇವತ್ತು ಪೆಟ್ರೋಲಿಗೆ ಉಜ್ಜಿದ 300 ರೂಪಾಯಿಗೂ ಇವತ್ತಿನಿಂದಲೇ ಬಡ್ಡಿ. ಆದ್ದರಿಂದ ಆ ಹತ್ತು ತಿಂಗಳು ಆನ್‌ಲೈನ್ ಅಂಗಡಿಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿ, ಖರ್ಚನ್ನೆಲ್ಲ ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದಲೇ ಮಾಡಿ.

ಹಾಗೆಂದು ಕೈ ಪೂರ್ತಿ ಬರಿದು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಮಳೆಗಾಲ ಅಂದರೆ ಗೊತ್ತಲ್ಲ, ರಸ್ತೆ ಮುಚ್ಚುತ್ತದೆ, ಮನೆಯ ಗೋಡೆ ಜರಿಯುತ್ತದೆ. ಮೊದಲ ತಿಂಗಳ 8,000 ಉಳಿತಾಯ ಖಾತೆಯಲ್ಲಿ ಇರಲಿ. ಆ ತಿಂಗಳು ಕಾರ್ಡಿಗೆ ಮಿನಿಮಮ್ ಡ್ಯೂ ಅನ್ನು ಬೇರೆ ಖರ್ಚು ಬಿಗಿಹಿಡಿದು ಕಟ್ಟಿ. ಸಾಲ ತೀರುವುದು ಸುಮಾರು ಒಂದು ತಿಂಗಳು ತಡವಾಗಬಹುದು. ಆದರೆ ಮುಂದಿನ ಆಪತ್ತಿಗೆ ಮತ್ತೆ ಅದೇ ಕಾರ್ಡ್ ತೆಗೆಯುವುದು ತಪ್ಪುತ್ತದೆ. ಪಿಎಫ್ ಕಡಿತವನ್ನೂ ಮುಟ್ಟಬೇಡಿ. ಮಾಲೀಕರ ಪಾಲು ಅದರ ಜೊತೆಗೇ ಬರುತ್ತದೆ.

ಬಡ್ಡಿಯ ದರವನ್ನೇ ಇಳಿಸಲು ಸಾಧ್ಯವೇ ಎಂದೂ ನೋಡಬೇಕು. ಬ್ಯಾಂಕು ಬಾಕಿಯನ್ನು ಇಎಂಐ ಮಾಡಿಕೊಡುತ್ತದೆ. ಒಪ್ಪುವ ಮೊದಲು ಪ್ರೊಸೆಸಿಂಗ್ ಫೀ ಎಷ್ಟು, ಬಡ್ಡಿಗೆ ಜಿಎಸ್‌ಟಿ ಎಷ್ಟು, ಮುಂಚೆಯೇ ತೀರಿಸಿದರೆ ದಂಡ ಎಷ್ಟು ಎಂದು ಮೂರೂ ಕೇಳಿ. ಮನೆಯಲ್ಲಿ ಒಪ್ಪಿದರೆ ಸಹಕಾರ ಸಂಘದ ಚಿನ್ನದ ಸಾಲ ಇನ್ನೂ ಅಗ್ಗ. ವರ್ಷಕ್ಕೆ ಶೇ 12 ಎಂದು ಹಿಡಿದರೂ 60,000ಕ್ಕೆ ತಿಂಗಳ ಬಡ್ಡಿ 600, ಕಾರ್ಡಿನ 2,478ರ ಎದುರು. ಅಡವಿಡುವುದು ಅಮ್ಮನ ಜೋಮಾಲೆಯನ್ನು ಎಂಬುದು ನೆನಪಿರಲಿ. ಕಟ್ಟದಿದ್ದರೆ ಹರಾಜಿಗೆ ಹೋಗುವುದು ಅದೇ. ಬೇಸಿಗೆಯಲ್ಲಿ ಕಾಫಿ ಮಾರಿದ ದುಡ್ಡು ಮನೆಗೆ ಬಂದಾಗ ಅಪ್ಪನ ಬಳಿ ಬಡ್ಡಿಯಿಲ್ಲದೆ ಕೇಳುವುದು ನನ್ನ ಪ್ರಕಾರ ಇದಕ್ಕಿಂತ ಮೇಲು, ತುಸು ಮುಜುಗರವಾದರೂ.

ಕೊನೆಯ ಕಂತಿನಲ್ಲಿ ಎಡವುವವರು ಬಹಳ. ಸ್ಟೇಟ್‌ಮೆಂಟಿನ ಟೋಟಲ್ ಡ್ಯೂ ಪೂರ್ತಿ ಕಟ್ಟಿದ ಮೇಲೂ ಸ್ಟೇಟ್‌ಮೆಂಟ್ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ತಿಂಗಳು ಬರುತ್ತದೆ. ನೂರಿನ್ನೂರು ರೂಪಾಯಿ ಇರಬಹುದು. ಮುಗಿಯಿತೆಂದು ಆ್ಯಪ್ ತೆರೆಯದೆ ಬಿಟ್ಟರೆ ಅದಕ್ಕೇ ಲೇಟ್ ಫೀ ಬಿದ್ದು ಸಿಬಿಲ್ ಸ್ಕೋರಿಗೂ ಏಟು. ಎರಡು ಸ್ಟೇಟ್‌ಮೆಂಟ್ ಸತತವಾಗಿ ಸೊನ್ನೆ ಬಂದಮೇಲೆ, ಸಂಬಳ ಬರುವ ದಿನಕ್ಕಿಂತ ಮೂರು ನಾಲ್ಕು ದಿನ ತಡವಾಗಿ ದಿನಾಂಕ ಇಟ್ಟು, ಅದೇ 8,000ಕ್ಕೆ ಎಸ್‌ಐಪಿ ಶುರು ಮಾಡಿ. ಖಾತೆಯಲ್ಲಿ ಹಣವಿಲ್ಲದೆ ಕಂತು ಮರಳಿದರೆ ಬ್ಯಾಂಕು ಅದಕ್ಕೂ ದಂಡ ಹಾಕುತ್ತದೆ.